ಊರಿನ ಹಾಳು ಗೋಡೆಗೆ ಚಿತ್ರ: ಎರಡನೇ ಮಳೆಗಾಲ ದಾಟಬೇಕಾದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ

ಭಾನುವಾರ ಬೆಳಿಗ್ಗೆ ಮಕ್ಕಳು, ಯುವಕ ಸಂಘದವರು ಎಲ್ಲ ಸೇರಿ ಗೋಡೆಗೆ ಬಣ್ಣ ಬಳಿದ ಫೋಟೊ ತುಂಬ ಜನ ತೋರಿಸುತ್ತಾರೆ. ಮುಂದಿನ ವರ್ಷ ಅದೇ ಗೋಡೆ ನೋಡಿದರೆ ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ, ಕೆಳಗೆ ಕಸ ಮೊದಲಿನಷ್ಟೇ ಇರುತ್ತದೆ. ‘ಕಂಪನಿ ಬಣ್ಣವೇ ಸರಿಯಿಲ್ಲ’ ಎಂದು ಬೈಯುತ್ತಾರೆ. ಸಾಮಾನ್ಯವಾಗಿ ಬಣ್ಣದ ತಪ್ಪು ಇರುವುದಿಲ್ಲ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿರುತ್ತಾರೆ, ಅಷ್ಟೆ.

ಲೆಕ್ಕಕ್ಕೆ ಒಂದು ಗೋಡೆ ಇಟ್ಟುಕೊಳ್ಳೋಣ. ಸಾಗರ, ಸೊರಬದಂಥ ಮಲೆನಾಡಿನ ಊರು. ಸರ್ಕಾರಿ ಶಾಲೆಯ ಕಾಂಪೌಂಡು, 60 ಅಡಿ ಉದ್ದ, 6 ಅಡಿ ಎತ್ತರ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಗಿಲಾವು, ಅದರ ಮೇಲೆ ವರ್ಷ ವರ್ಷ ಹೊಡೆದ ಸುಣ್ಣ. ಮುಂದೆ ರಸ್ತೆ, ಒಂದು ತುದಿಯಲ್ಲಿ ಕಸದ ಗುಡ್ಡೆ, ಇನ್ನೊಂದು ತುದಿಯಲ್ಲಿ ಆಟೊ ಸ್ಟ್ಯಾಂಡು. ಬಯಲುಸೀಮೆಯ ಗೋಡೆಯಾದರೆ ತೇವದ ಕಾಟ ಕಡಿಮೆ ಇರಬಹುದು, ಕೆಲಸದ ಕ್ರಮ ಮಾತ್ರ ಇದೇ.

## 1. ಗೋಡೆಯಲ್ಲಿ ನೀರು ಎಲ್ಲಿದೆ ಎಂದು ನೋಡಿ

ಚಿತ್ರ ಯಾವುದು ಎಂಬ ಮಾತು ಇನ್ನೂ ಬೇಡ. ಮೊದಲು ಗೋಡೆಯ ಹಿಂದಕ್ಕೆ ಹೋಗಿ. ಶಾಲೆಯ ಒಳಗಡೆ ಮಣ್ಣು ಗೋಡೆಗೆ ಒತ್ತಿಕೊಂಡು ಒಂದೆರಡು ಅಡಿ ಏರಿದೆಯಾ? ಕೈತೊಳೆಯುವ ನಲ್ಲಿಯ ನೀರು ಗೋಡೆ ಬುಡಕ್ಕೆ ಹರಿಯುತ್ತದಾ? ಹಾಗಿದ್ದರೆ ರಸ್ತೆ ಕಡೆಗೆ ನೀವು ಎಷ್ಟೇ ಒಳ್ಳೆಯ ಬಣ್ಣ ಹಚ್ಚಿದರೂ ಹಿಂದಿನಿಂದ ಬರುವ ತೇವ ಅದನ್ನು ತಳ್ಳಿಹಾಕುತ್ತದೆ. ಜಂಬಿಟ್ಟಿಗೆ ತುಂಬ ನೀರು ಹೀರುವ ಕಲ್ಲು. ಅದು ಒಣಗುವುದೂ ನಿಧಾನ.

ಆಮೇಲೆ ಗೋಡೆಯ ತಲೆ ನೋಡಿ. ಮೇಲ್ಭಾಗದ ಗಿಲಾವು ಬಿರುಕು ಬಿಟ್ಟು ಅದರಲ್ಲಿ ಜರೀಗಿಡ, ಅರಳಿ ಸಸಿ ಎದ್ದಿದ್ದರೆ ಮಳೆನೀರು ಅಲ್ಲಿಂದಲೇ ಒಳಗೆ ಇಳಿಯುತ್ತಿದೆ. ಕಾಂಪೌಂಡ್ ಗೋಡೆಯ ಚಿತ್ರಗಳು ಹೆಚ್ಚಾಗಿ ಹಾಳಾಗುವುದು ಈ ಎರಡು ದಾರಿಯಿಂದ: ಬುಡ ಮತ್ತು ತಲೆ.

ಕಣ್ಣಿಗೆ ಕಾಣದ ತೇವಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಅಂಟಿಸಿ. ಸುಣ್ಣದ ಪುಡಿಯ ಮೇಲೆ ಟೇಪು ಹಿಡಿಯುವುದಿಲ್ಲ, ಅಂಚು ಬರುವ ಜಾಗವನ್ನು ಮೊದಲು ಕೆರೆದುಕೊಳ್ಳಿ. ಒಂದು ದಿನ ಬಿಟ್ಟು ಬಿಚ್ಚಿ. ಹಾಳೆಯ ಒಳಗೆ ಹನಿ ಕಂಡರೆ, ಅಥವಾ ಆ ಜಾಗದ ಬಣ್ಣ ಸುತ್ತಲಿಗಿಂತ ಕಪ್ಪಾಗಿದ್ದರೆ ಗೋಡೆ ಇನ್ನೂ ಒಣಗಿಲ್ಲ. ನಮ್ಮ 60 ಅಡಿ ಗೋಡೆಗೆ ಇಂಥ ನಾಲ್ಕು ಹಾಳೆ ಸಾಕು: ಬುಡದ ಹತ್ತಿರ ಎರಡು, ನಡುವೆ ಒಂದು, ತಲೆಯ ಹತ್ತಿರ ಒಂದು. ಬುಡದವು ಮಾತ್ರ ಒದ್ದೆಯಾದರೆ ಹಿಂದಿನ ಮಣ್ಣು ತೆಗೆಸಿ, ನಲ್ಲಿ ನೀರಿಗೆ ಬೇರೆ ದಾರಿ ಮಾಡಿ, ಮೂರ್ನಾಲ್ಕು ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ನಾಲ್ಕೂ ಒದ್ದೆಯಾದರೆ ಈ ವರ್ಷ ಆ ಗೋಡೆ ಬಿಡಿ. ಬೇರೆ ಗೋಡೆ ಹುಡುಕಿ. ಇದನ್ನು ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ, ಆದರೂ ಬಿಡಿ.

ಮಳೆ ನಿಂತ ಮೇಲೆ ಗೋಡೆ ಒಣಗಲು ಸಮಯ ಬೇಕು. ಹಾಗಾಗಿ ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಏಪ್ರಿಲ್ ಬಿಸಿಲಿಗೆ ಕಾದ ಗೋಡೆಗೆ ಬಣ್ಣ ಹಚ್ಚಿದರೆ ಹಿಡಿದುಕೊಳ್ಳುವ ಮೊದಲೇ ಒಣಗಿಬಿಡುತ್ತದೆ.

## 2. ಕಸ ಮತ್ತು ಮೂತ್ರದ ಜಾಗ ಮೊದಲು ಬಗೆಹರಿಸಿ

‘ಚಿತ್ರ ಬರೆದರೆ ಕಸ ಹಾಕುವುದು ನಿಲ್ಲುತ್ತದೆ’ ಎಂಬ ನಂಬಿಕೆ ಇದೆ. ಸುಮ್ನೆ ಮಾತು. ಕಸ ಅಲ್ಲಿ ಬೀಳುವುದಕ್ಕೆ ಕಾರಣ ಇರುತ್ತದೆ. ಕಸದ ಗಾಡಿ ಬೆಳಿಗ್ಗೆ 7ಕ್ಕೆ ಬಂದು ಹೋಗುತ್ತದೆ, ಎದುರಿನ ಹೋಟೆಲ್ ಬಾಗಿಲು ತೆಗೆಯುವುದೇ 8ಕ್ಕೆ. ಅಲ್ಲಿನ ಕಸ ಎಲ್ಲಿ ಹೋಗಬೇಕು? ಕಸ ಹಾಕುವವರು ಯಾರು, ಎಷ್ಟು ಹೊತ್ತಿಗೆ ಎಂದು ಒಂದು ವಾರ ನೋಡಿ. ಜಗಳಕ್ಕೆ ಹೋಗಬೇಡಿ. ಗಾಡಿಯ ಸಮಯ ಬದಲಿಸಲು ಅಥವಾ ಆ ಅಂಗಡಿಗಳಿಗೆ ಎರಡನೇ ಸುತ್ತು ಬರಲು ಪುರಸಭೆಯ ಆರೋಗ್ಯ ನಿರೀಕ್ಷಕರ ಹತ್ತಿರ ಮಾತಾಡಿ.

ಮೂತ್ರದ ಜಾಗ ಯಾವಾಗಲೂ ಕತ್ತಲಿನ ಜಾಗ. ಬೀದಿದೀಪ ಕೆಟ್ಟಿದ್ದರೆ ಅದನ್ನು ಮೊದಲು ಹಾಕಿಸಿ. ಆಟೊ ಸ್ಟ್ಯಾಂಡಿನ ಪಕ್ಕ ಶೌಚಾಲಯವೇ ಇಲ್ಲದಿದ್ದರೆ ಆಟೊದವರನ್ನು ಬೈದು ಪ್ರಯೋಜನವಿಲ್ಲ, ಹತ್ತಿರದ ಶೌಚಾಲಯ ತೆರೆದಿರುವಂತೆ ನೋಡಿಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ. ಮೂತ್ರ ತಡೆಯಲು ದೇವರ ಚಿತ್ರ ಬರೆಯುವ ಉಪಾಯಕ್ಕೆ ಹೋಗಬೇಡಿ. ಕತ್ತಲಲ್ಲಿ ಯಾರೋ ಒಬ್ಬ ಅಲ್ಲೇ ನಿಂತರೆ ಅದು ದೇವರಿಗೆ ಅವಮಾನ ಮಾಡಿದ ಪ್ರಕರಣವಾಗುತ್ತದೆ. ಆಗ ಗೋಡೆ ಬರೆಸಿದ ನೀವೂ ಉತ್ತರ ಕೊಡಬೇಕಾಗುತ್ತದೆ. ಎಲ್ಲ ಧರ್ಮದ ದೇವರನ್ನೂ ಸಾಲಾಗಿ ಬರೆದರೂ ಅಷ್ಟೇ.

## 3. ಒಪ್ಪಿಗೆ: ಬಾಯಿಮಾತು ಸಾಲದು

ಗೋಡೆ ಯಾರದು ಎಂದು ಮೊದಲು ತಿಳಿದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ ಮತ್ತು ಬಿಇಒ ಕಚೇರಿ, ಮೂರೂ ಕಡೆ ಹೋಗಬೇಕು. ರಸ್ತೆಗೆ ಮುಖ ಮಾಡಿರುವುದರಿಂದ ಪುರಸಭೆಯ ಮುಖ್ಯಾಧಿಕಾರಿಗೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸಾರ್ವಜನಿಕರಿಗೆ ಕಾಣುವ ಜಾಗವನ್ನು ಅನುಮತಿ ಇಲ್ಲದೆ ಬರಹ, ಚಿತ್ರದಿಂದ ಅಂದಗೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರ ಕಾಯ್ದೆ ಇದೆ. ಕೈಯಲ್ಲಿ ಪತ್ರ ಇದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಪುರಸಭೆಗೂ ಲೋಕೋಪಯೋಗಿ ಇಲಾಖೆಗೂ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ರಸ್ತೆ ಅಗಲೀಕರಣ ಇದೆಯಾ? ಗೋಡೆಯ ಮೇಲೆ ಎಲ್ಲಾದರೂ ಕೆಂಪು ಬಣ್ಣದ ಬಾಣ, ಅಳತೆಯ ಅಂಕಿ ಕಂಡರೆ ಅದು ಯಾರೋ ಹುಡುಗರು ಗೀಚಿದ್ದು ಎಂದುಕೊಳ್ಳಬೇಡಿ.

ಅರ್ಜಿಯಲ್ಲಿ ಚಿತ್ರದ ವರ್ಣನೆಗಿಂತ ಎರಡು ಸಾಲು ಮುಖ್ಯ. ಗೋಡೆಯನ್ನು ಎಷ್ಟು ವರ್ಷ, ಯಾರು ನೋಡಿಕೊಳ್ಳುತ್ತಾರೆ ಎಂಬುದು ಒಂದು. ಚಿತ್ರದ ನಕ್ಷೆ ಸಿದ್ಧವಾದ ಮೇಲೆ ತೋರಿಸಿ ಸಹಿ ಪಡೆಯುತ್ತೇವೆ ಎಂಬುದು ಇನ್ನೊಂದು.

## 4. ಜನರನ್ನು ಕೇಳುವುದು ಹೇಗೆ

‘ಏನು ಚಿತ್ರ ಬರೆಯೋಣ?’ ಎಂದು ಸಭೆ ಕರೆದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ. ದೇವರು, ನಾಯಕರು, ನಟರು. ಯಾರ ಚಿತ್ರ ದೊಡ್ಡದು, ಯಾರದು ಬಲಗಡೆ ಎಂಬಲ್ಲಿಗೆ ಸಭೆ ಮುಗಿಯುತ್ತದೆ. ಪ್ರಶ್ನೆ ಬದಲಿಸಿ. ‘ಈ ಜಾಗದಲ್ಲಿ ಮೊದಲು ಏನಿತ್ತು?’, ‘ಇಲ್ಲಿ ನಿಂತಾಗ ನಿಮಗೆ ಏನು ಕಾಣುತ್ತದೆ?’ ಎಂದು ಕೇಳಿ. ಹಳೇ ಸಂತೆ, ಕೆರೆಗೆ ಹೋಗುವ ದಾರಿ, ಕಡಿದುಹೋದ ಮರ, ಹೀಗೆ ಬರೆಯಬಹುದಾದ ವಿಷಯಗಳು ಬರುತ್ತವೆ. ಸಭೆಗೆ ಬರುವವರು ಸಾಮಾನ್ಯವಾಗಿ ಆ ಗೋಡೆಯ ಹತ್ತಿರದವರಲ್ಲ. ಗೋಡೆಗೆ ಒರಗಿ ಹೂ ಮಾರುವವರು, ಆಟೊದವರು, ಎದುರಿನ ಅಂಗಡಿಯವರು ಸಭೆಗೆ ಬರುವುದಿಲ್ಲ. ಅವರಿದ್ದಲ್ಲಿಗೇ ನೀವು ಹೋಗಬೇಕು. ನಾಳೆ ಆ ಗೋಡೆಗೆ ಪೋಸ್ಟರ್ ಅಂಟಿಸಲು ಬಂದವನಿಗೆ ‘ಏಯ್, ಅಲ್ಲಿ ಬೇಡ’ ಎನ್ನುವವರು ಅವರೇ.

ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಇದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಗೆರೆಗಳು. ಇಷ್ಟೆಲ್ಲ ಕೈಯಳತೆಯಲ್ಲಿ ಇಟ್ಟುಕೊಂಡು ಊರ ಗೋಡೆಗೆ ಮಹಾರಾಷ್ಟ್ರದ ವಾರ್ಲಿ ಬರೆಯುವುದು ನನಗೆ ಅರ್ಥವಾಗದ ಸಂಗತಿ. ಚಿತ್ತಾರ ಬೇಕೆಂದರೆ ಇಂಟರ್‌ನೆಟ್‌ನಿಂದ ನಕಲು ತೆಗೆಯಬೇಡಿ. ಬರೆಯುವ ಅಮ್ಮಂದಿರನ್ನೇ ಕರೆಸಿ, ಯಾವುದನ್ನು ರಸ್ತೆಗೋಡೆಗೆ ಹಾಕಬಹುದು, ಯಾವುದು ಮದುವೆ ಮನೆಗೆ ಮಾತ್ರ ಎಂದು ಕೇಳಿ, ಅವರ ಕೂಲಿ ಕೊಡಿ. ಮನೆಯೊಳಗೆ ಆ ಗೆರೆಗಳು ನೂಲಿನಷ್ಟು ಸಣ್ಣ. ರಸ್ತೆಯ ಆಚೆಯಿಂದ ಕಾಣಬೇಕಾದರೆ ಗೆರೆ ಕಡೇಪಕ್ಷ ಒಂದು ಇಂಚು ದಪ್ಪ ಇರಬೇಕು. ಹಾಗೆ ದಪ್ಪ ಮಾಡಿದಾಗ ನಕ್ಷೆಯಲ್ಲಿ ಏನನ್ನು ಬಿಡಬೇಕು ಎಂಬುದನ್ನೂ ಅವರೇ ಹೇಳಲಿ.

ನಕ್ಷೆ ಮುಗಿದ ಮೇಲೆ ಚುನಾವಣೆಯ ಕಣ್ಣಿನಿಂದ ಒಮ್ಮೆ ನೋಡಿ. ತಮಾಷೆಯಲ್ಲ. ನೀತಿಸಂಹಿತೆ ಬಂದಾಗ ಸರ್ಕಾರಿ ಗೋಡೆಯ ಮೇಲಿನ ಪಕ್ಷದ ಗುರುತುಗಳನ್ನು ಅಳಿಸುತ್ತಾರೆ ಅಥವಾ ಮುಚ್ಚುತ್ತಾರೆ. ರಂಗೋಲಿಯ ತಾವರೆ, ಅಂಗೈಯ ಅಚ್ಚು, ತೆನೆ ಹೊತ್ತ ಮಹಿಳೆ ಮೂರೂ ನಮ್ಮ ಚಿತ್ರಗಳಲ್ಲಿ ಸಹಜವಾಗಿ ಬರುವಂಥವೇ. ಯಾರಾದರೂ ಒಬ್ಬರು ದೂರು ಕೊಟ್ಟರೆ ಸುಣ್ಣದ ಬಕೆಟ್ ಬರುತ್ತದೆ. ತಾವರೆ ಬದಲು ನೈದಿಲೆ ಬರೆದರೆ ಏನೂ ನಷ್ಟವಿಲ್ಲ ಅಲ್ವಾ?

ನಕ್ಷೆಯನ್ನು 1 ಅಡಿಗೆ 1 ಇಂಚಿನ ಲೆಕ್ಕದಲ್ಲಿ ಮಾಡಿ. 60 ಅಡಿ ಗೋಡೆಗೆ 5 ಅಡಿ ಉದ್ದ, ಅರ್ಧ ಅಡಿ ಎತ್ತರದ ಕಾಗದದ ಪಟ್ಟಿ. ಕೆಳಗಿನ ಒಂದೂವರೆ ಅಡಿಯಲ್ಲಿ ಚಿತ್ರವೇ ಬೇಡ. ಮಳೆಹನಿ ನೆಲಕ್ಕೆ ಬಿದ್ದು ಸಿಡಿಯುವ ಕೆಸರು, ಎಲೆಅಡಿಕೆ ಉಗುಳು ಎಲ್ಲ ಬೀಳುವುದು ಅಲ್ಲೇ. ಆ ಪಟ್ಟಿಗೆ ಬರೀ ಕಾವಿ ಬಣ್ಣ. ಕಲೆ ಅಷ್ಟು ಕಾಣುವುದಿಲ್ಲ, ವರ್ಷಕ್ಕೊಮ್ಮೆ ಯಾರು ಬೇಕಾದರೂ ಮತ್ತೆ ಹೊಡೆಯಬಹುದು.

## 5. ಗೋಡೆ ಸಿದ್ಧಮಾಡುವುದು

ಹಣದ ಅರ್ಧ ಇಲ್ಲಿಗೇ ಹೋಗಲಿ. ಬೇಕಾದ ಸಾಮಾನು: ಸ್ಕ್ರೇಪರ್, ತಂತಿ ಬ್ರಷ್, ಉಪ್ಪುಕಾಗದ, ಬ್ಲೀಚಿಂಗ್ ಪೌಡರ್, ಗ್ಲೌಸು, ಮಾಸ್ಕು, ಸಿಮೆಂಟು, ಹೊರಗೋಡೆಯ ಪ್ರೈಮರ್.

ಮೊದಲು ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟುತ್ತ ಹೋಗಿ. ಟೊಳ್ಳು ಶಬ್ದ ಬಂದಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ. ಅಲ್ಲಿ ಗಿಲಾವು ಕಲ್ಲಿನಿಂದ ಬಿಟ್ಟುಕೊಂಡಿದೆ, ಒಡೆದು ಹೊಸ ಗಿಲಾವು ಮಾಡಿಸಬೇಕು. ಅದೇ ಸಮಯದಲ್ಲಿ ಮೇಸ್ತ್ರಿಯಿಂದ ಗೋಡೆಯ ತಲೆಯನ್ನೂ ಸರಿಮಾಡಿಸಿ. ತಲೆ ಒಂದು ಕಡೆಗೆ ಇಳಿಜಾರಾಗಿರಲಿ, ಇಳಿಜಾರು ಚಿತ್ರ ಇಲ್ಲದ ಒಳಬದಿಗೆ. ಹೊಸ ಗಿಲಾವಿಗೆ ದಿನಾ ನೀರು ಹಾಕಿಸಿ, ಒಟ್ಟು ನಾಲ್ಕು ವಾರ ಬಿಡಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ. ತೇಪೆ ಹಾಕಿದ ಜಾಗದಲ್ಲಿ ಮಾತ್ರ ಬಣ್ಣ ಬಿಳಚಿಕೊಂಡ ಗೋಡೆ ನೋಡಿದ್ದೀರಾ? ಅಲ್ಲಿ ಈ ನಾಲ್ಕು ವಾರ ಕಾದಿಲ್ಲ ಎಂದೇ ಅರ್ಥ.

ಪಾಚಿ ಇದ್ದಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಬಳಿದು, ಅರ್ಧ ಗಂಟೆ ಬಿಟ್ಟು, ತಂತಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಬಿಳಿ ಉಪ್ಪಿನ ಪುಡಿ ಎದ್ದಿರುವ ಜಾಗದ ಕತೆ ಬೇರೆ. ಅಲ್ಲಿಗೆ ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ಗುಡಿಸಿ ತೆಗೆದುಹಾಕಿ. ಒಂದು ವಾರದಲ್ಲಿ ಮತ್ತೆ ಉಪ್ಪು ಎದ್ದರೆ ನೀರು ಇನ್ನೂ ಬರುತ್ತಿದೆ, ಮೊದಲ ಹಂತಕ್ಕೆ ವಾಪಸ್.

ಇನ್ನು ಹಳೇ ಸುಣ್ಣ. ಸುಣ್ಣದ ಮೇಲೆ ನೇರವಾಗಿ ಹೊರಗೋಡೆಯ ಎಮಲ್ಷನ್ ಹಚ್ಚಿದರೆ ಬಣ್ಣ ಹಿಡಿಯುವುದು ಸುಣ್ಣವನ್ನು, ಗೋಡೆಯನ್ನಲ್ಲ. ಸುಣ್ಣ ಕಳಚಿದಾಗ ಬಣ್ಣವನ್ನೂ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಗಟ್ಟಿ ಮೈ ಸಿಗುವವರೆಗೆ ಕೆರೆಯಬೇಕು. ಸಾಕಾಯಿತೇ ಎಂದು ತಿಳಿಯಲು ಕಪ್ಪು ಬಟ್ಟೆಯನ್ನು ಗೋಡೆಗೆ ಒತ್ತಿ ಉಜ್ಜಿ. ಬಟ್ಟೆ ಬಿಳಿಯಾದರೆ ಇನ್ನೂ ಕೆರೆಯಿರಿ. ಬೇಸರದ ಕೆಲಸ, ಧೂಳಿನ ಕೆಲಸ, ಇದಕ್ಕೆ ಜನ ಬರುವುದೂ ಕಡಿಮೆ. ಕೂಲಿಯವರನ್ನೇ ಇಟ್ಟುಕೊಳ್ಳಿ. ಗೇಟು, ಕಂಬದ ಹಳೇ ಆಯಿಲ್ ಪೇಂಟನ್ನಂತೂ ಮಕ್ಕಳ ಕೈಯಲ್ಲಿ ಕೆರೆಸಬೇಡಿ. ಬಣ್ಣದಲ್ಲಿ ಸೀಸದ ಮಿತಿ 90 ಪಿಪಿಎಂ ಎಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕಿಂತ ಹಳೆಯ ಪದರದ ಧೂಳಿನಲ್ಲಿ ಸೀಸ ಇರಬಹುದು. ದೊಡ್ಡವರು ಮಾಸ್ಕ್ ಹಾಕಿ, ನೀರು ಚಿಮುಕಿಸಿ ಉಜ್ಜಲಿ.

ತೊಳೆದ ಗೋಡೆ ನಾಲ್ಕೈದು ದಿನ ಒಣಗಲಿ. ಸಣ್ಣ ಗುಂಡಿಗಳಿಗೆ ಬಿಳಿ ಸಿಮೆಂಟ್ ಆಧಾರದ ಪುಟ್ಟಿ ಹಾಕಿ. ಒಳಗೋಡೆಯ ಅಕ್ರಿಲಿಕ್ ಪುಟ್ಟಿ ಮಳೆಗೆ ಉಬ್ಬುತ್ತದೆ. ಆಮೇಲೆ ಪ್ರೈಮರ್ ಒಂದು ಕೋಟು. 60 ಗುಣಿಸು 6, 360 ಚದರಡಿ. ಹಳೇ ಗೋಡೆ ಜಾಸ್ತಿ ಕುಡಿಯುವುದರಿಂದ ಪ್ರೈಮರ್ 4 ಲೀಟರ್ ಹಿಡಿಯಿರಿ. ಹಿನ್ನೆಲೆ ಬಣ್ಣ ಎರಡು ಕೋಟಿಗೆ 7ರಿಂದ 8 ಲೀಟರ್. ಹೊರಗೋಡೆಯ ಎಮಲ್ಷನ್ ಅನ್ನೇ ಕೊಳ್ಳಿ. ಡಿಸ್ಟೆಂಪರ್ ಒಂದೇ ಮಳೆಗಾಲಕ್ಕೆ ಹೋಗುತ್ತದೆ, ಆಯಿಲ್ ಪೇಂಟ್ ತೇವವನ್ನು ಒಳಗೇ ಕಟ್ಟಿ ಗುಳ್ಳೆ ಎಬ್ಬಿಸುತ್ತದೆ.

ಬಣ್ಣ ಆರಿಸುವಾಗ ಕಾವಿ, ಹಳದಿ ಮಣ್ಣಿನ ಬಣ್ಣ, ಕಪ್ಪು, ಬಿಳಿ ಇವುಗಳ ಮೇಲೆ ಚಿತ್ರ ನಿಲ್ಲುವಂತೆ ನೋಡಿಕೊಳ್ಳಿ. ಇವು ಬಿಸಿಲಿಗೆ ಬೇಗ ಮಾಸುವುದಿಲ್ಲ. ಗುಲಾಬಿ, ನೇರಳೆ, ನಿಂಬೆಹಳದಿ ಬೇಗ ಮಾಸುತ್ತವೆ, ಅವನ್ನು ಸಣ್ಣ ಜಾಗಕ್ಕೆ ಮಾತ್ರ ಇಡಿ. ಗಾಢ ಬಣ್ಣ ಬೇಕೆಂದು ಬಿಳಿ ಎಮಲ್ಷನ್‌ಗೆ ಬಾಟಲಿ ಬಾಟಲಿ ಸ್ಟೇನರ್ ಸುರಿಯುತ್ತಾರೆ. ಅಂಥ ಬಣ್ಣ ಸರಿಯಾಗಿ ಒಣಗುವುದೂ ಇಲ್ಲ, ಮಳೆ ಬಂದರೆ ಇಳಿಯುತ್ತದೆ. ಗಾಢ ಬಣ್ಣವನ್ನು ಅಂಗಡಿಯ ಯಂತ್ರದಲ್ಲೇ ಬೆರೆಸಿಸಿ, ಡಬ್ಬದ ಮೇಲಿನ ಶೇಡ್ ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಿ.

## 6. ನಕ್ಷೆ ಗೋಡೆಗೆ ಏರಿಸುವುದು

ಮೇಸ್ತ್ರಿಗಳು ಮಾಡುವ ಹಾಗೆ ದಾರಕ್ಕೆ ಕೆಮ್ಮಣ್ಣಿನ ಪುಡಿ ಸವರಿ, ಇಬ್ಬರು ಎರಡು ಕಡೆ ಬಿಗಿಯಾಗಿ ಹಿಡಿದು, ನಡುವೆ ಮೀಟಿದರೆ ನೇರ ಗೆರೆ ಬೀಳುತ್ತದೆ. ಹೀಗೆ 1 ಅಡಿಯ ಚೌಕ ಹಾಕಿಕೊಳ್ಳಿ. ಕಾಗದದ ಮೇಲೂ 1 ಇಂಚಿನ ಚೌಕ. ಮೇಲಿನ ಅಂಚಿಗೆ ಅಂಕಿ, ಪಕ್ಕಕ್ಕೆ ಅ, ಆ, ಇ ಬರೆದುಕೊಂಡರೆ ‘ಇ-24ರಲ್ಲಿ ಎತ್ತಿನ ಕೊಂಬು’ ಎಂದು ಕೂಗಿ ಹೇಳಬಹುದು. ಚಿತ್ರ ಬರುವ ಒಬ್ಬರೋ ಇಬ್ಬರೋ ಮಾತ್ರ ಸೀಮೆಸುಣ್ಣದಲ್ಲಿ ಹೊರಗೆರೆ ಹಾಕಲಿ. ಪರ್ಮನೆಂಟ್ ಮಾರ್ಕರ್ ಬೇಡವೇ ಬೇಡ. ಅದರ ಶಾಯಿ ಮೇಲೆ ಹಚ್ಚಿದ ಬಣ್ಣವನ್ನು ದಾಟಿ ಹೊರಗೆ ಬರುತ್ತದೆ, ಎರಡು ಕೋಟು ಹಾಕಿದರೂ.

ಹೊರಗೆರೆ ಮುಗಿದ ಮೇಲೆ ರಸ್ತೆಯ ಆಚೆ ಹೋಗಿ ನಿಂತು ನೋಡಿ. ಕೈಯಳತೆಯಲ್ಲಿ ಸರಿ ಕಂಡ ಮುಖ ಅಲ್ಲಿಂದ ಸೊಟ್ಟ ಕಾಣಬಹುದು. ತಿದ್ದಲು ಇದೇ ಕೊನೆಯ ಅವಕಾಶ. ಆಮೇಲೆ ಪ್ರತಿ ಭಾಗದ ಒಳಗೆ ಸೀಮೆಸುಣ್ಣದಲ್ಲಿ ಬಣ್ಣದ ಅಂಕಿ ಬರೆಯಿರಿ: 1 ಕಾವಿ, 2 ಬಿಳಿ, 3 ಹಸಿರು, ಹೀಗೆ. ಡಬ್ಬಗಳ ಮೇಲೂ ಅದೇ ಅಂಕಿ.

## 7. ಎಲ್ಲರೂ ಸೇರುವ ದಿನ

ಇಲ್ಲಿ ಕೆಲಸ ಕೆಡುವುದು ಜನ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ಒಬ್ಬರಿಗೆ 5 ಅಡಿ ಜಾಗ ಬೇಕು. ಅಂದರೆ ನಮ್ಮ ಗೋಡೆಗೆ ಒಂದು ಹೊತ್ತಿಗೆ 12 ಜನ. ಒಂದೂವರೆ ಗಂಟೆಯ ಮೂರು ಸರದಿ ಮಾಡಿದರೆ 36 ಜನರಿಗೆ ಅವಕಾಶ ಸಿಗುತ್ತದೆ. ಪ್ರತಿ 10 ಅಡಿಗೆ ಒಬ್ಬ ಉಸ್ತುವಾರಿ, ಒಟ್ಟು 6 ಜನ. ಅವರು ಬ್ರಷ್ ಹಿಡಿಯಬಾರದು. ಬಣ್ಣದ ಅಂಕಿ ಹೇಳುವುದು, ಇಳಿದ ಹನಿ ಒರೆಸುವುದು, ಬಕೆಟ್ ನೋಡಿಕೊಳ್ಳುವುದು ಅವರ ಕೆಲಸ.

ಮಲೆನಾಡಿನ ಚಳಿಗಾಲದಲ್ಲಿ ಬೆಳಿಗ್ಗೆ ಗೋಡೆಯ ಮೇಲೆ ಇಬ್ಬನಿ ಇರುತ್ತದೆ. ಅಂಗೈ ಇಟ್ಟು ನೋಡಿ, ತಣ್ಣಗೆ ಒದ್ದೆ ಅನ್ನಿಸಿದರೆ ಕಾಯಿರಿ. 10 ಗಂಟೆಗೆ ಶುರು ಮಾಡಿ, ನಡುವೆ ಊಟ, 4ಕ್ಕೆ ಬ್ರಷ್ ಕೆಳಗಿಡಿ. ಸಂಜೆ ಹಚ್ಚಿದ ಬಣ್ಣ ಒಣಗುವ ಮೊದಲೇ ಇಬ್ಬನಿ ಬಿದ್ದರೆ ಮಂಕು ಮಚ್ಚೆ ಉಳಿಯುತ್ತದೆ.

ಮಕ್ಕಳು ನೆಲದ ಮೇಲೆ ನಿಂತು ಕೈಗೆ ಎಟಕುವಷ್ಟಕ್ಕೇ ಹಚ್ಚಲಿ, ಏಣಿ ದೊಡ್ಡವರಿಗೆ ಮಾತ್ರ. ಎರಡು ಇಂಚಿನ ಚಪ್ಪಟೆ ಬ್ರಷ್ ತುಂಬಲು, ಒಂದು ಇಂಚಿನದು ಅಂಚಿಗೆ. ಬಣ್ಣವನ್ನು ದೊಡ್ಡ ಡಬ್ಬದಲ್ಲಿ ಇಡಬೇಡಿ, ಚಿಕ್ಕ ಮಗ್ಗಿಗೆ ಎರಡು ಬೆರಳಷ್ಟು ಹಾಕಿ ಕೊಡಿ. ಬಣ್ಣಕ್ಕೆ ನೀರು ಬೆರೆಸುವುದು ಒಬ್ಬರೇ ಮಾಡಬೇಕು, ಡಬ್ಬದ ಮೇಲೆ ಬರೆದ ಅಳತೆಯಷ್ಟೇ. ‘ಸ್ವಲ್ಪ ಸಾಲದೆ ಬರ್ತಿದೆ’ ಎಂದು ನೀರು ಸುರಿದ ಬಣ್ಣ ಒಣಗಿದ ಮೇಲೆ ಕೈಗೆ ಪುಡಿಯಾಗಿ ಬರುತ್ತದೆ.

ಮೇಲಿನಿಂದ ಕೆಳಕ್ಕೆ, ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಅಂಚು ದಾಟಿದರೆ ಯಾರನ್ನೂ ಗದರಬೇಡಿ. ಮರುದಿನ ಕಲಾವಿದರು ಹೊರಗೆರೆ ಎಳೆಯುವಾಗ ಅದೆಲ್ಲ ಮುಚ್ಚಿಹೋಗುತ್ತದೆ. ಅದಕ್ಕಾಗಿಯೇ ಮರುದಿನ ಅವರಿಗೆ ಬಿಟ್ಟಿರಬೇಕು. ಒಂದೇ ದಿನಕ್ಕೆ ಮುಗಿಸಿ ಸಂಜೆ ಶಾಸಕರಿಂದ ಉದ್ಘಾಟನೆ ಇಟ್ಟುಕೊಂಡರೆ ಈ ಗೆರೆಯೇ ಬಿಟ್ಟುಹೋಗುತ್ತದೆ. ಉದ್ಘಾಟನೆ ಮುಂದಿನ ವಾರ ಇರಲಿ.

ಹೊಳಪಿನ ಕ್ಲಿಯರ್ ಕೋಟ್ ಹಾಕಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಪ್ಲಾಸ್ಟಿಕ್ ಹಾಳೆ ಪರೀಕ್ಷೆಯಲ್ಲಿ ಪೂರ್ತಿ ಒಣಗಿದೆ ಎಂದು ಬಂದ ಗೋಡೆಗೆ ಹೊರಗೋಡೆಯ ಅಕ್ರಿಲಿಕ್ ಕ್ಲಿಯರ್ ಹಾಕಬಹುದು. ಜಂಬಿಟ್ಟಿಗೆ ಕಾಂಪೌಂಡಿಗೆ ನಾನಾದರೆ ಹಾಕುವುದಿಲ್ಲ. ಮಳೆಗಾಲದಲ್ಲಿ ಒಳಗೆ ಸೇರಿದ ತೇವ ಹೊರಗೆ ಹೋಗಲು ದಾರಿ ಬೇಕು. ಮರಕ್ಕೆ ಹಾಕುವ ವಾರ್ನಿಷ್ ಅಂತೂ ಬೇಡ, ಬಿಸಿಲಿಗೆ ಹಳದಿಯಾಗಿ ಸಿಪ್ಪೆ ಏಳುತ್ತದೆ.

## 8. ಆಮೇಲಿನ ಕೆಲಸ

ಪ್ರತಿ ಬಣ್ಣದ ಅರ್ಧ ಲೀಟರ್ ಬೇರೆ ಡಬ್ಬಕ್ಕೆ ಹಾಕಿ, ಗಟ್ಟಿ ಮುಚ್ಚಿ, ಅಂಕಿ ಬರೆದು ಶಾಲೆಯ ಸ್ಟೋರ್‌ರೂಮಿನಲ್ಲಿ ಇಡಿ. ಜೊತೆಗೆ ಎರಡು ಬ್ರಷ್, ಒಂದು ಸ್ಕ್ರೇಪರ್. ಸ್ಟೋರ್‌ರೂಮಿನ ಕೀಲಿ ಯಾರ ಹತ್ತಿರ ಎಂಬುದು ಮೊದಲೇ ತೀರ್ಮಾನವಾಗಿರಲಿ. ಮೇಷ್ಟ್ರಿಗೆ ವರ್ಗವಾದರೆ ಕೀಲಿಯೂ ಹೋಗುತ್ತದೆ, ಹಾಗಾಗಿ ಎದುರಿನ ಅಂಗಡಿಯಲ್ಲಿ ಇನ್ನೊಂದು ಕೀಲಿ.

ಮೊದಲ ಪೋಸ್ಟರ್ ಬಂದೇ ಬರುತ್ತದೆ. ಅಂದೇ ತೆಗೆಯಬೇಕು. ಮೈದಾ ಅಂಟು ಹಸಿಯಾಗಿರುವಾಗ ಸಲೀಸಾಗಿ ಬರುತ್ತದೆ, ಒಣಗಿದ್ದರೆ ನೀರು ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ಒಣಗಿದ್ದನ್ನು ಹಾಗೇ ಕಿತ್ತರೆ ಚಿತ್ರವೂ ಬರುತ್ತದೆ. ಒಂದು ಪೋಸ್ಟರ್ ಮೂರು ದಿನ ನಿಂತರೆ ಪಕ್ಕದಲ್ಲಿ ನಾಲ್ಕು ಬರುತ್ತವೆ. ಆಟೊ ಸ್ಟ್ಯಾಂಡಿನ ತುದಿಯಲ್ಲಿ ಒಂದು ತಗಡಿನ ಬೋರ್ಡು ನಿಲ್ಲಿಸಿ, ‘ಇಲ್ಲಿ ಅಂಟಿಸಿ’ ಎಂದು ಬರೆದರೆ ಶ್ರದ್ಧಾಂಜಲಿ, ನಾಟಕ, ಕೋಚಿಂಗ್ ಕ್ಲಾಸು ಎಲ್ಲಕ್ಕೂ ಒಂದು ಜಾಗ ಸಿಗುತ್ತದೆ. ಅದಕ್ಕೂ ಪುರಸಭೆಯ ಒಪ್ಪಿಗೆ ಬೇಕು, ಮೊದಲ ಅರ್ಜಿಯಲ್ಲೇ ಸೇರಿಸಿಬಿಡಿ.

ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ, ಗೋಡೆಯುದ್ದಕ್ಕೂ ಒಮ್ಮೆ ನಡೆಯಿರಿ. ಬಣ್ಣದಲ್ಲಿ ಗುಳ್ಳೆ ಇದ್ದರೆ ಒಂದನ್ನು ಉಗುರಿನಿಂದ ಒಡೆಯಿರಿ. ಒಳಗೆ ನೀರು ಅಥವಾ ಬಿಳಿ ಪುಡಿ ಇದ್ದರೆ ತೇವ ಹಿಂದಿನಿಂದ ಬಂದಿದೆ, ಮೊದಲು ಅದನ್ನು ಹುಡುಕಿ. ಒಳಗೆ ಒಣಗಿದ್ದು, ಕಿತ್ತ ಚೂರಿನ ಹಿಂಬದಿಗೆ ಸುಣ್ಣ ಮೆತ್ತಿದ್ದರೆ ಅಲ್ಲಿ ಸರಿಯಾಗಿ ಕೆರೆದಿಲ್ಲ. ಅಷ್ಟು ಜಾಗ ಕೆರೆದು, ಪ್ರೈಮರ್ ಹಾಕಿ, ಸ್ಟೋರ್‌ರೂಮಿನ ಡಬ್ಬದಿಂದ ಬಣ್ಣ ಹಚ್ಚಿ. ಗುಳ್ಳೆ ಇಲ್ಲದೆ ಬಣ್ಣ ಬರೀ ಮಾಸಿದ್ದರೆ ಈ ವರ್ಷ ಮುಟ್ಟುವುದು ಬೇಡ, ಕೆಳಗಿನ ಕಾವಿ ಪಟ್ಟಿಗೆ ಮಾತ್ರ ಹೊಸ ಕೋಟು ಹೊಡೆಯಿರಿ.